ಸಹಾಯ ಬೇಕು: ಇಳಕಲ್ ಸೀರೆಯ ಕಥೆಯನ್ನು ಕಂತುಗಳಲ್ಲಿ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ತಲೆಮಾರಿನಿಂದ ಇಳಕಲ್ ಸೀರೆ ನೇಯ್ದು ಮಾರುವ ಮನೆತನ. ಅಂಗಡಿಯ ಇನ್‌ಸ್ಟಾಗ್ರಾಂ ಪುಟವನ್ನು ನಾನು ನೋಡಿಕೊಳ್ಳುತ್ತೇನೆ. ಇದುವರೆಗೆ ಪ್ರತಿ ಪೋಸ್ಟನ್ನೂ ಅಜ್ಜನ ಕಾಲದಿಂದಲೇ ಆರಂಭಿಸುತ್ತಿದ್ದೆ. ಹಳೆಯ ಓದುಗರಿಗೆ ಅದು ಬೇಸರ ತಂದಿತು. ಮುಂದಿನ ಪೋಸ್ಟಿಗಾಗಿ ಯಾರೂ ಕಾಯಲಿಲ್ಲ.

ಈಗ ಒಂದೇ ಸೀರೆಯನ್ನು ಹಿಡಿದು ಆರು ಕಂತು ಬರೆಯಬೇಕೆಂದಿದ್ದೇನೆ. ನಮ್ಮಲ್ಲಿ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಇವೆರಡನ್ನೂ ಎಳೆಎಳೆಯಾಗಿ ಕುಣಿಕೆ ಹಾಕಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತೇವೆ. ಅಮ್ಮ ಮಗ್ಗದ ಮುಂದೆ ಕೂತು ಒಂದೊಂದೇ ಎಳೆಯನ್ನು ಬೆರಳಲ್ಲಿ ಎತ್ತಿ ಸೇರಿಸುವ ಆ ಹೊತ್ತೇ ಕಥೆಯ ನಡುಘಟ್ಟವಾಗಬೇಕು ಎಂಬುದು ನನ್ನ ಆಸೆ. ಮೊದಲ ಕಂತಿನಲ್ಲಿ ಗಿರಾಕಿಯೊಬ್ಬರು ಮಗಳ ಮದುವೆಗೆ ಕೇಳಿದ ಬಣ್ಣ, ಕೊನೆಯದರಲ್ಲಿ ಕೆಂಪು ಬಿಳಿಯ ಟೋಪ್ ತೆನಿ ಸೆರಗು ಬಿಚ್ಚಿಕೊಳ್ಳುವ ದೃಶ್ಯ ಇರುತ್ತದೆ.

ತೊಡಕಿರುವುದು ಎರಡು ಕಡೆ. ನಾಲ್ಕನೆಯ ಕಂತನ್ನೇ ಮೊದಲು ಕಂಡವರಿಗೂ ಅರ್ಥವಾಗುವಂತೆ, ಹಿಂದಿನದನ್ನು ಪೂರ್ತಿ ಮರುಹೇಳದೆ ಬರೆಯುವುದು ಹೇಗೆ? ಅಮ್ಮನ ಕೈಗಳ ಒಂದೇ ಕೋನದ ಚಿತ್ರವನ್ನು ಪ್ರತಿ ಕಂತಿನ ಆರಂಭದಲ್ಲಿಟ್ಟರೆ ಸಾಕೇ? ಇನ್ನೊಂದು, ಸೀರೆ ಮಾರಾಟವಾದ ಮೇಲೆ ಮುಂದಿನ ಸರಣಿ ಇದರದೇ ನಕಲಾಗಬಾರದು. ಪಾತ್ರವನ್ನು ಬದಲಿಸಿ ಬಣ್ಣ ಹಾಕುವವರ ಕಡೆಯಿಂದ ಹೇಳುವುದು ಸರಿಯೇ, ಇಲ್ಲವೇ ಅಮ್ಮನನ್ನೇ ಉಳಿಸಿಕೊಂಡು ಹೊಸ ಪ್ರಶ್ನೆ ಹುಟ್ಟಿಸಬೇಕೇ? ಇಂಥ ಸರಣಿಯನ್ನು ನಡೆಸಿದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.