‘ಮೇಲೆ’ ಅಂದರೆ ಸಾಕೇ, ‘ಒಳಗೂ’ ಅನ್ನಬೇಕೇ? ಗ್ರೀನ್ ಪ್ರಮೇಯದ ಒಂದು ವಾಕ್ಯ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿಎಸ್ಸಿ ಮಕ್ಕಳಿಗಾಗಿ ಕನ್ನಡದಲ್ಲಿ ಗಣಿತದ ನೋಟ್ಸ್ ಸಿದ್ಧಪಡಿಸುತ್ತಿದ್ದೇನೆ. ಹಳೆಯ ನೋಟ್ಸಿನಲ್ಲಿ ಒಂದು ವಾಕ್ಯ ಹೀಗಿದೆ: “ಮುಚ್ಚಿದ ವಕ್ರದ ಮೇಲೆ ಕ್ಷೇತ್ರ ಸರಿಯಾಗಿದ್ದು, ಕರ್ಲ್ ಸೊನ್ನೆಯಾದರೆ, ಒಂದು ಸುತ್ತಿನ ಅನುಕಲನವೂ ಸೊನ್ನೆ.”

ಒಬ್ಬ ವಿದ್ಯಾರ್ಥಿನಿ F = (−y, x)/(x²+y²) ತೆಗೆದುಕೊಂಡಳು. ಮೂಲಬಿಂದು ಬಿಟ್ಟರೆ ಎಲ್ಲ ಕಡೆ ಕರ್ಲ್ ಸೊನ್ನೆ. ಆದರೆ x = cos t, y = sin t ಹಾಕಿ ಒಂದು ಸುತ್ತು ಬಂದರೆ ಸಿಗುವುದು ∫(sin²t + cos²t) dt, ಅಂದರೆ 2π. ವಾಕ್ಯದಲ್ಲಿ ‘ಮೇಲೆ’ ಅನ್ನುವ ಪದವೇ ತೊಡಕಾ?

ಉತ್ತರ 1

ಮೂಲಬಿಂದುವಿನಲ್ಲಿ ಛೇದ ಸೊನ್ನೆ ಆಗುತ್ತದೆ, ಅದೇ ಕಾರಣ. “ಮೂಲಬಿಂದು ಒಳಗೆ ಬಂದರೆ ಉತ್ತರ 2π” ಅಂತ ಒಂದು ಸಾಲು ಸೇರಿಸಿಬಿಡಿ, ಮುಗೀತು.

ಉತ್ತರ 2

ನಾನು ಚಿಕ್ಕಮಗಳೂರು ಕಡೆ ಕಾಫಿ ತೋಟ ಅಳೆಯುವವನು. ಬೇಲಿಗುಂಟ x dy − y dx ಕೂಡಿಸಿ, ಅರ್ಧ ಮಾಡಿ ವಿಸ್ತೀರ್ಣ ತೆಗೆಯುತ್ತೇವೆ. ತೋಟದ ನಡುವೆ ಬಾವಿ ಇದ್ದರೆ ನಮ್ಮ ಲೆಕ್ಕವೂ ತಪ್ಪುತ್ತದಾ?

ಉತ್ತರ 3

ಬಾವಿಯಿಂದ ಏನೂ ಆಗಲ್ಲ ಸರ್. ನಿಮ್ಮ ಲೆಕ್ಕದಲ್ಲಿ x²+y² ಇಂದ ಭಾಗಿಸುವುದೇ ಇಲ್ಲ. ಹಾಗಾಗಿ ಅದು ಎಲ್ಲೂ ಕೆಡುವುದಿಲ್ಲ. ತ್ರಿಜ್ಯ 2 ಇರುವ ವೃತ್ತದಲ್ಲಿ ನಿಮ್ಮ ಮೊತ್ತ, ಅರ್ಧ ಮಾಡುವ ಮೊದಲು, 8π ಬರುತ್ತದೆ. ಮೇಡಂ ಅವರದು ಅಲ್ಲೂ 2π ಮಾತ್ರ.

ಮೇಡಂ, ಗ್ರೀನ್ ಪ್ರಮೇಯ ಅಂಚಿನ ಮೊತ್ತವನ್ನು ಒಳಗಿನ ಕರ್ಲ್‌ನ ಮೊತ್ತವಾಗಿ ಬದಲಿಸುತ್ತದೆ. ಅದಕ್ಕೆ ಒಳಗಿನ ಪ್ರತಿ ಬಿಂದುವಿನಲ್ಲೂ ಕ್ಷೇತ್ರ ಇರಬೇಕು. ಒಂದೇ ಒಂದು ಬಿಂದು, ಅದಕ್ಕೆ ವಿಸ್ತೀರ್ಣವೇ ಇಲ್ಲ, ಬಿಟ್ಟರೇನು ಅನ್ನಿಸುತ್ತದೆ ಅಲ್ವಾ? ಅಲ್ಲೇ ಇರುವುದು ವಿಷಯ. ಮೂಲಬಿಂದುವಿನ ಸುತ್ತ r ತ್ರಿಜ್ಯದ ವೃತ್ತ ಬರೆಯಿರಿ. r ಕಡಿಮೆಯಾದಷ್ಟೂ ಸುತ್ತಳತೆ 2πr ಕುಗ್ಗುತ್ತದೆ, ಆದರೆ ಕ್ಷೇತ್ರದ ಬಲ 1/r ಆಗಿ ಅಷ್ಟೇ ಏರುತ್ತದೆ. ಗುಣಿಸಿದರೆ ಯಾವಾಗಲೂ 2π. ವೃತ್ತ ಎಷ್ಟೇ ಚಿಕ್ಕದಾದರೂ ಅದು ಕರಗುವುದಿಲ್ಲ.

ಈಗ ಮೂಲಬಿಂದುವನ್ನು ಸುತ್ತುವರಿದ ಒಂದು ದೀರ್ಘವೃತ್ತ ತೆಗೆದುಕೊಳ್ಳಿ. ಅದಕ್ಕೂ ಒಳಗಿನ ಪುಟ್ಟ ವೃತ್ತಕ್ಕೂ ನಡುವಿನ ಬಳೆಯಂಥ ಜಾಗದಲ್ಲಿ ಪ್ರಮೇಯ ಸರಿಯಾಗಿ ನಡೆಯುತ್ತದೆ. ಆದ್ದರಿಂದ ಅಪ್ರದಕ್ಷಿಣವಾಗಿ ಸುತ್ತಿದರೆ ಎರಡರ ಮೊತ್ತವೂ ಒಂದೇ, 2π. (3, 0) ಕೇಂದ್ರ, ತ್ರಿಜ್ಯ 1 ಇರುವ ವೃತ್ತವಾದರೆ ಮೂಲಬಿಂದು ಹೊರಗೇ ಉಳಿಯುತ್ತದೆ. ಅಲ್ಲಿ ಸೊನ್ನೆ.

ಮೊದಲು ಉತ್ತರಿಸಿದವರ ಸಾಲನ್ನು ಮಾತ್ರ ಸೇರಿಸಬೇಡಿ. (x, y)/(x²+y²) ಕೂಡ ಮೂಲಬಿಂದುವಿನಲ್ಲಿ ಕೆಡುತ್ತದೆ. ಅದು ನೇರ ಹೊರಮುಖವಾಗಿದೆ, ವೃತ್ತದ ಗುಂಟ ಅದರ ಪಾಲೇ ಇಲ್ಲ, ಮೊತ್ತ ಸೊನ್ನೆ. ಷರತ್ತು ಮುರಿದಾಗ ಪ್ರಮೇಯ ಏನನ್ನೂ ಹೇಳುವುದಿಲ್ಲ, ಅಷ್ಟೇ. ಮೊತ್ತವನ್ನು ನಾವೇ ಲೆಕ್ಕ ಹಾಕಬೇಕು. “ವಕ್ರದ ಮೇಲೂ, ಅದರ ಒಳಗಿನ ಪ್ರತಿ ಬಿಂದುವಿನಲ್ಲೂ” ಅಂತ ಬರೆಯಿರಿ.

ಕೇಳಿದವರಿಂದ

ವಂದನೆಗಳು, ಹಾಗೇ ತಿದ್ದುತ್ತೇನೆ. ಇನ್ನೊಂದು ಉಳಿಯಿತು. ‘ಸರಿಯಾಗಿದ್ದು’ ಅನ್ನುವುದು ತೀರಾ ಸಡಿಲ. ಕ್ಷೇತ್ರಕ್ಕೆ ಬೆಲೆ ಇದ್ದರೆ ಸಾಲದು, ಅದರ ಆಂಶಿಕ ಅವಕಲನಗಳೂ ಎಲ್ಲೂ ಕಡಿಯದೆ ಸಾಗಬೇಕು. ಇದಕ್ಕೆ ‘ನಯವಾಗಿದ್ದು’ ಅಂದರೆ ಮಕ್ಕಳಿಗೆ ತಿಳಿದೀತೇ?