ಎಕ್ಸ್‌ಪೋರ್ಟ್ ಹಾಕಿದರೆ ಪ್ರೊಸೆಸರ್ 98 ಡಿಗ್ರಿ: ಇದು ಸಹಜವೇ?

ಕೇಳಿದವರು, ಕಲಬುರಗಿ

ಮದುವೆ ವಿಡಿಯೊ ಎಡಿಟ್ ಮಾಡುವ ಲ್ಯಾಪ್‌ಟಾಪ್, ಪ್ರೊಸೆಸರ್ i5-10300H, ಮೂರು ವರ್ಷ ಹಳೆಯದು. ಏನೂ ಕೆಲಸ ಕೊಡದಿದ್ದರೂ 56 ಡಿಗ್ರಿ ಇರುತ್ತದೆ, ಎಕ್ಸ್‌ಪೋರ್ಟ್ ಹಾಕಿದರೆ 98. ಮೊದಲಿಗಿಂತ ಕೆಲಸವೂ ನಿಧಾನವಾಗಿದೆ. ಎಷ್ಟರವರೆಗೆ ಸಹಜ, ಎಲ್ಲಿಂದ ತೊಂದರೆ? ಅನುಭವ ಇದ್ದವರು ತಿಳಿಸಿ.

ದಾವಣಗೆರೆಯಿಂದ

80 ದಾಟಿದರೆ ಅಪಾಯ ಎಂದೇ ನಾನು ಪಾಲಿಸುತ್ತಾ ಬಂದಿದ್ದೇನೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ `Maximum processor state` ಎಂಬುದನ್ನು 100ರಿಂದ 99ಕ್ಕೆ ಇಳಿಸಿ. ನನ್ನದು ಒಂದೇ ಏಟಿಗೆ 90ರಿಂದ 68ಕ್ಕೆ ಬಂತು. ಪ್ರೊಸೆಸರ್ ಸುಟ್ಟುಹೋಗುವ ಮುನ್ನ ಮಾಡಿಕೊಳ್ಳಿ.

ಹುಬ್ಬಳ್ಳಿಯಿಂದ, ರಿಪೇರಿ ಕೆಲಸದವರು

ದಾವಣಗೆರೆಯವರು ಹೇಳಿದ ಉಪಾಯದಿಂದ ಬಿಸಿ ಇಳಿಯುವುದು ನಿಜ. ಆದರೆ ಅದು ಟರ್ಬೊ ವೇಗವನ್ನೇ ಬಂದ್ ಮಾಡುತ್ತದೆ. ನಿಮ್ಮ ಪ್ರೊಸೆಸರ್ 4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಮಾಡಬಹುದಾದ ಕೆಲಸವನ್ನು 2.5ರಲ್ಲಿ ಮಾಡುತ್ತಾ ಕೂರುತ್ತದೆ, ಒಳಗಿನ ಕಾರಣ ಹಾಗೇ ಉಳಿಯುತ್ತದೆ. 80 ಎಂಬ ಗೆರೆಯೂ ಈ ಚಿಪ್‌ಗೆ ಸೇರಿದ್ದಲ್ಲ. ಇಂಟೆಲ್ ಇದಕ್ಕೆ ಕೊಟ್ಟಿರುವ ಮಿತಿ 100 ಡಿಗ್ರಿ. ಕೆಲವು ಲ್ಯಾಪ್‌ಟಾಪ್ ತಯಾರಕರು ಅದಕ್ಕಿಂತ ಮೂರ್ನಾಲ್ಕು ಡಿಗ್ರಿ ಮೊದಲೇ ತಡೆ ಹಾಕಿರುತ್ತಾರೆ. ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಭಾರಿ ಕೆಲಸದ ವೇಳೆ 85ರಿಂದ 95 ಕಂಡರೆ ನಾನು ಗಾಬರಿಯಾಗುವುದಿಲ್ಲ.

ಸುಮ್ಮನಿದ್ದಾಗಿನ ಬಿಸಿಯನ್ನು ಕೋಣೆಯ ಬಿಸಿಯ ಜೊತೆಗಿಟ್ಟು ಓದಬೇಕು. ಬೆಂಗಳೂರಿನಲ್ಲಿ 25 ಡಿಗ್ರಿ ಕೋಣೆಯಲ್ಲಿ ಲ್ಯಾಪ್‌ಟಾಪ್ 42 ತೋರಿಸಿದರೆ, ಅದೇ ಯಂತ್ರ ನಿಮ್ಮ ಮೇ ತಿಂಗಳಿನ 38ರಲ್ಲಿ ಸುಮಾರು 55 ತೋರಿಸುತ್ತದೆ. ಹಾಗಾಗಿ ನಿಮ್ಮ 56ರಲ್ಲಿ ನನಗೆ ತಪ್ಪೇನೂ ಕಾಣುತ್ತಿಲ್ಲ.

ನೋಡಬೇಕಾದದ್ದು ಬಿಸಿ ಮತ್ತು ವೇಗ ಎರಡನ್ನೂ ಒಟ್ಟಿಗೆ. `HWiNFO` ತೆರೆದು ಎಕ್ಸ್‌ಪೋರ್ಟ್ ಹಾಕಿ, ಹತ್ತು ನಿಮಿಷ ಬಿಡಿ. ಮೊದಲ ಅರ್ಧ ನಿಮಿಷ ವೇಗ ಹೆಚ್ಚಿದ್ದು ಆಮೇಲೆ ಇಳಿಯುವುದು ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇದೆ. ಇಳಿದಾಗ ಬಿಸಿ ಏನಾಯಿತು ಎಂಬುದು ಮುಖ್ಯ. ವೇಗದ ಜೊತೆ ಬಿಸಿಯೂ 80ರ ಸುತ್ತ ಇಳಿದರೆ, ತಯಾರಕರು ಇಟ್ಟ ವ್ಯಾಟ್ ಮಿತಿ ಕೆಲಸ ಮಾಡಿದೆ ಎಂದರ್ಥ. ವೇಗ ಇಳಿಯುತ್ತಲೇ ಇದ್ದರೂ ಬಿಸಿ ಮಾತ್ರ 97, 98ರಲ್ಲೇ ಅಂಟಿಕೊಂಡಿದ್ದರೆ ಅದು ಥರ್ಮಲ್ ಥ್ರಾಟ್ಲಿಂಗ್. ಬಿಸಿ ಹೊರಗೆ ಹೋಗುತ್ತಿಲ್ಲ, ಅದಕ್ಕೇ ಚಿಪ್ ತನ್ನ ಕೆಲಸವನ್ನು ಕಡಿಮೆ ಮಾಡಿಕೊಳ್ಳುತ್ತಿದೆ.

ಅದೇ ಪಟ್ಟಿಯಲ್ಲಿ `Core Thermal Throttling` ಎಂಬ ಸಾಲೂ ಇದೆ. ಅದರ `Maximum` ಕಾಲಂನಲ್ಲಿ Yes ಇದ್ದರೆ ಒಂದು ಕ್ಷಣ ಮಿತಿ ಮುಟ್ಟಿರಬಹುದು, ಅಷ್ಟೆ. `Current` ಕಾಲಂ ಕೆಲಸದುದ್ದಕ್ಕೂ Yes ಎನ್ನುತ್ತಿದೆಯೇ ನೋಡಿ, ವೇಗವೆಷ್ಟು ಎಂದು ಬರೆದು ತಿಳಿಸಿ.

ಮಂಗಳೂರಿನಿಂದ, ವಿದ್ಯಾರ್ಥಿನಿ

ನನ್ನದೂ ಇದೇ ತೊಂದರೆ ಅನ್ನಿಸುತ್ತದೆ. ಬ್ರೌಸರ್ ತೆರೆಯಲೂ ಒದ್ದಾಡುತ್ತದೆ. ಆದರೆ ಬಿಸಿ 48 ಅಷ್ಟೇ, ವೇಗ 0.79 ಗಿಗಾಹರ್ಟ್ಸ್‌ನಿಂದ ಮೇಲೇಳುವುದೇ ಇಲ್ಲ. ಥರ್ಮಲ್ ಪೇಸ್ಟ್ ಹಾಕಿಸಬೇಕೇ?

ಹುಬ್ಬಳ್ಳಿಯಿಂದ

ಬೇಡ ಮೇಡಂ, ನಿಮ್ಮದು ಬೇರೆ ಕಥೆ. 48ರಲ್ಲಿ ಯಾವ ಪ್ರೊಸೆಸರೂ ಬಿಸಿಗೆ ಹೆದರಿ ನಿಧಾನವಾಗುವುದಿಲ್ಲ. ಮದರ್‌ಬೋರ್ಡ್‌ನ ಬೇರೆ ಯಾವುದೋ ಭಾಗ ಪ್ರೊಸೆಸರ್‌ಗೆ ‘ನಿಧಾನಿಸು’ ಎಂಬ ಸಂಕೇತ ಕಳಿಸುತ್ತಿರಬಹುದು. ಅಂಗಡಿಗೆ ಇಂಥವು ಬಂದಾಗ ನಾನು ಮೊದಲು ನೋಡುವುದು ಚಾರ್ಜರ್. ಈಚೆಗೆ ಬದಲಿಸಿದ್ದೀರಾ? ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ನಡೆಸಿ ನೋಡಿ.

ಮಂಗಳೂರಿನಿಂದ

ಹೌದು, ಕಳೆದ ತಿಂಗಳು ಬೇರೆ ಚಾರ್ಜರ್ ತಂದಿದ್ದೆವು. ಅದನ್ನು ತೆಗೆದ ಕೂಡಲೇ ವೇಗ 3 ದಾಟಿತು. ಹಳೆಯದನ್ನೇ ಸರಿಮಾಡಿಸುತ್ತೇನೆ.

ಶಿವಮೊಗ್ಗದಿಂದ

ಲಿನಕ್ಸ್ ಬಳಸುವವರಿಗೆ, ಇಂಟೆಲ್ ಪ್ರೊಸೆಸರ್ ಆಗಿದ್ದರೆ:

```
cat /sys/devices/system/cpu/cpu0/thermal_throttle/core_throttle_count
```

ಯಂತ್ರ ಆನ್ ಆದಾಗಿನಿಂದ ಆ ಕೋರ್ ಬಿಸಿಯಿಂದಾಗಿ ಎಷ್ಟು ಸಲ ತಡೆಯಲ್ಪಟ್ಟಿತು ಎಂದು ಹೇಳುತ್ತದೆ. ಕೆಲಸಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿ. ಸಂಖ್ಯೆ ಏರಿದ್ದರೆ ಅನುಮಾನವೇ ಬೇಡ.

ಕೇಳಿದವರು

ನೋಡಿದೆ. ಶುರುವಿನಲ್ಲಿ 4.1 ಗಿಗಾಹರ್ಟ್ಸ್. ಅರ್ಧ ನಿಮಿಷವೂ ಆಗುವ ಮೊದಲೇ 98 ಡಿಗ್ರಿ. ಆಮೇಲೆ ವೇಗ 2.1, 2.3, ಮತ್ತೆ 2.1 ಎಂದು ಓಲಾಡುತ್ತದೆ, ಬಿಸಿ 97ಕ್ಕಿಂತ ಕೆಳಗೆ ಬರುವುದೇ ಇಲ್ಲ. `Current` ಕಾಲಂ ಬಹುಪಾಲು Yes. ಇನ್ನೊಂದು ಗಮನಿಸಿದೆ: ಫ್ಯಾನ್‌ಗಳು ಜೋರಾಗಿ ಕೂಗುತ್ತವೆ, ಆದರೆ ಎಡಗಡೆಯ ಕಿಂಡಿಯಿಂದ ಗಾಳಿ ಹೆಚ್ಚು ಬರುತ್ತಿಲ್ಲ.

ಹುಬ್ಬಳ್ಳಿಯಿಂದ

ನಿಮ್ಮ ಪ್ರೊಸೆಸರ್‌ನ ಮೂಲ ವೇಗ 2.5. ಟರ್ಬೊದಿಂದ 3.5ಕ್ಕೆ ಇಳಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬಿಸಿಯಿಂದಾಗಿ ಮೂಲ ವೇಗಕ್ಕಿಂತಲೂ ಕೆಳಗೆ ಹೋಗಿದೆ ಎಂದರೆ ಕೂಲಿಂಗ್ ಕೈಕೊಟ್ಟಿದೆ. ಫ್ಯಾನ್ ಕೂಗಿಯೂ ಗಾಳಿ ಬರುತ್ತಿಲ್ಲ ಎಂದರೆ ಫ್ಯಾನ್ ಮತ್ತು ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕಟ್ಟಿರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಪೂರ್ತಿ ಬರುವುದಿಲ್ಲ. ಫ್ಯಾನ್ ಬಿಚ್ಚಿಸಿಯೇ ತೆಗೆಸಿ. ಹೀಟ್‌ಸಿಂಕ್ ಎತ್ತಿದರೆ ಹಳೆಯ ಪೇಸ್ಟ್ ಒರೆಸಿ ಹೊಸದು ಹಾಕಲೇಬೇಕು.

ಮೈಸೂರಿನಿಂದ

ಡೆಸ್ಕ್‌ಟಾಪ್ ಇರುವವರು ಈ ಅಂಕಿಗಳನ್ನು ಹಾಗೆಯೇ ತೆಗೆದುಕೊಳ್ಳಬೇಡಿ. ನನ್ನ ರೈಜೆನ್ 7600X ಪೂರ್ತಿ ಕೆಲಸದಲ್ಲಿ 95ಕ್ಕೇ ಹೋಗಿ ನಿಲ್ಲುತ್ತದೆ, ಆದರೂ ವೇಗ 5 ಗಿಗಾಹರ್ಟ್ಸ್ ಮೇಲೆಯೇ ಇರುತ್ತದೆ, ಮೂಲ ವೇಗ 4.7. ಇದು 95ರವರೆಗೆ ಹೋಗುವಂತೆಯೇ ಮಾಡಿದ ಚಿಪ್ ಎಂದು ಎಎಂಡಿ ಕಂಪನಿಯೇ ಹೇಳಿದೆ. ಸುಮ್ಮನಿದ್ದಾಗ 42 ಇದ್ದದ್ದು ಪರದೆಯ ಮೇಲೆ ಒಂದು ಕಿಟಕಿ ತೆರೆದರೆ 55ಕ್ಕೆ ಹಾರಿ ಮತ್ತೆ ಇಳಿಯುತ್ತದೆ, ಅದಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ದಾವಣಗೆರೆಯಿಂದ

ಹಾಗಾದರೆ 95 ಒಂದೇ ಆದರೂ ಅಲ್ಲಿ ಸಹಜ, ಇಲ್ಲಿ ರೋಗ. ಇದು ಒಪ್ಪುವ ಮಾತು. ಆದರೂ ವರ್ಷಗಟ್ಟಲೆ 95ರಲ್ಲಿ ಓಡಿಸಿದರೆ ಆಯುಸ್ಸು ಕಡಿಮೆಯಾಗುವುದಿಲ್ಲ ಎಂದು ನಾನು ನಂಬಲಾರೆ.

ಹುಬ್ಬಳ್ಳಿಯಿಂದ

ನಮ್ಮ ಅಂಗಡಿಗೆ ಬರುವವುಗಳಲ್ಲಿ ಪ್ರೊಸೆಸರೇ ಸತ್ತದ್ದು ಅಪರೂಪ. ಸದಾ ಬಿಸಿಯಲ್ಲಿದ್ದವುಗಳಲ್ಲಿ ಮೊದಲು ಹೋಗುವುದು ಫ್ಯಾನ್‌ನ ಬೇರಿಂಗ್, ಆಮೇಲೆ ಉಬ್ಬಿದ ಬ್ಯಾಟರಿ. ಆ ದೃಷ್ಟಿಯಿಂದ ನಿಮ್ಮ ಕಾಳಜಿ ಸುಳ್ಳಲ್ಲ.

ಕೇಳಿದವರು

ಇವತ್ತು ಬಿಚ್ಚಿಸಿದೆ. ಎಡ ಫ್ಯಾನ್‌ನ ಬಾಯಿಗೆ ಬೂದು ಬಣ್ಣದ ಧೂಳಿನ ಪಟ್ಟಿ, ಚಿಮಟದಿಂದ ಎಳೆದರೆ ಇಡಿಯಾಗಿ ಬಂತು. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಪುಡಿಯಾಗಿತ್ತು. ಎರಡೂ ಸರಿಮಾಡಿಸಿದ ಮೇಲೆ ಅದೇ ಕೋಣೆ, ಅದೇ ಫೈಲ್: ಬಿಸಿ 89, ವೇಗ 3.7ರಲ್ಲಿ ನಿಂತಿದೆ. `Core Thermal Throttling` ಈಗ No. ಆದರೆ `Power Limit Exceeded` Yes ಎನ್ನುತ್ತಿದೆ. ಸುಮ್ಮನಿದ್ದಾಗ 53. ಇದಕ್ಕೂ ಏನಾದರೂ ಮಾಡಬೇಕೇ?

ಹುಬ್ಬಳ್ಳಿಯಿಂದ

ಏನೂ ಬೇಡ. ಅದು 45 ವ್ಯಾಟ್ ಮಿತಿ. ಈಗ ನಿಮ್ಮ ಪ್ರೊಸೆಸರ್ ನಿಲ್ಲುತ್ತಿರುವುದು ವಿದ್ಯುತ್ತಿನ ಮಿತಿಗೆ, ಬಿಸಿಗಲ್ಲ. ಲ್ಯಾಪ್‌ಟಾಪ್ ಇರಬೇಕಾದದ್ದೇ ಹಾಗೆ. ಎಡಗಡೆಯ ಗಾಳಿ ಮತ್ತೆ ಕಡಿಮೆಯಾದಾಗ ಇದೇ ಫೈಲ್ ಹಾಕಿ ಅಳೆಯಿರಿ.