ಓವನ್ ಆಮ್ಲೆಟ್: ಬದಿ ರಬ್ಬರ್, ನಡುವೆ ನೀರು. ಏನು ಮಾಡೋದು?

ಗಿರಿ_ಬಸವನಗುಡಿ: ತಲೆ ಕೆಟ್ಟುಹೋಗಿದೆ. ಆರು ಮೊಟ್ಟೆ, ಅರ್ಧ ಕಪ್ ಹಾಲು, ತರಕಾರಿ, ಒಟಿಜಿಯಲ್ಲಿ 180 ಡಿಗ್ರಿ. ಮೇಲೆ ಒಳ್ಳೇ ಬಣ್ಣ ಬರುತ್ತೆ, ಕತ್ತರಿಸಿದರೆ ನಡುವೆ ನೀರು. ಇನ್ನೂ ಹತ್ತು ನಿಮಿಷ ಇಟ್ಟರೆ ಬದಿ ರಬ್ಬರ್ ಆಗುತ್ತೆ, ನೀರು ಹಾಗೇ ಇರುತ್ತೆ. ಮೊಟ್ಟೆ ಜಾಸ್ತಿ ಹಾಕಬೇಕಾ? ಪ್ರೀಹೀಟ್ ಮಾಡಿದ್ರಾ ಅಂತ ಮಾತ್ರ ಕೇಳಬೇಡಿ, ಮಾಡಿದ್ದೀನಿ.

ಕಿಟ್ಟಿ_ಒಟಿಜಿ: ಕೆಳಗಿನ ರಾಡ್ ಹೋಗಿದೆ ಗುರು. ನೂರಕ್ಕೆ ನೂರು.

ಗಿರಿ_ಬಸವನಗುಡಿ: ಎರಡೂ ರಾಡ್ ಕೆಂಪಗೆ ಉರಿಯುತ್ತಿವೆ. ಅದರಲ್ಲೇ ಕೇಕ್ ಸರಿಯಾಗಿ ಬರುತ್ತೆ.

ಕಿಟ್ಟಿ_ಒಟಿಜಿ: ಹಾಗಾದರೆ ಥರ್ಮೋಸ್ಟಾಟ್. ಗುಂಡಿಯಲ್ಲಿ 180 ಅಂತ ಇದ್ದರೆ ಒಳಗೂ 180 ಇರುತ್ತೆ ಅಂತ ನಂಬಬೇಡಿ. ನಾನು 60 ಲೀಟರಿನದು ತಗೊಂಡು ಒಳಗೆ ಬೇರೆ ಥರ್ಮಾಮೀಟರ್ ನೇತುಹಾಕಿದ್ದೀನಿ, ಫ್ಯಾನ್ ಇದೆ, ಕೆಳಗೆ ಪಿಜ್ಜಾ ಕಲ್ಲು ಇದೆ, ಫೋಟೋ ಬೇಕಾದರೆ ಹಾಕ್ತೀನಿ.

ವಿಜಿ: ಫೋಟೋ ಬೇಡಪ್ಪಾ. ಬೆಂಗಳೂರು ಎತ್ತರದಲ್ಲಿದೆ ಅಲ್ವಾ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಅದಕ್ಕೇ ಏನೂ ಸರಿಯಾಗಿ ಬೇಯಲ್ಲ.

ಕಿಟ್ಟಿ_ಒಟಿಜಿ: ಓವನ್ನಿಗೂ ಎತ್ತರಕ್ಕೂ ಏನ್ರೀ ಸಂಬಂಧ?

ಸುಮಾ_ಮಲ್ಲೇಶ್ವರ: ವಿಜಿ ಅವರೇ, 97 ನಿಜ. ಆದರೆ ಹಾಲು ಸೇರಿದ ಮೊಟ್ಟೆ 75ರ ಹತ್ತಿರವೇ ಗಟ್ಟಿಯಾಗುತ್ತೆ, ಹಾಗಾಗಿ ಇಲ್ಲಿ ಅದು ಲೆಕ್ಕಕ್ಕೆ ಬರಲ್ಲ. ಗಿರಿ, ಯಾವ ತರಕಾರಿ, ಎಷ್ಟು ಹಾಕಿದ್ರಿ? ಹಸಿಯಾಗೇ ಹಾಕಿದ್ರಾ? ನೀರು ತಿಳಿಯಾಗಿದೆಯಾ, ಹಳದಿಯಾಗಿದೆಯಾ?

ಗಿರಿ_ಬಸವನಗುಡಿ: ಮಾಮೂಲಿ ತರಕಾರಿನೇ ಮೇಡಂ. ಒಂದು ಸೀಮೆ ಬದನೆಕಾಯಿ ತುರಿ, ಒಂದು ಕಟ್ಟು ಪಾಲಕ್, ಒಂದು ಪ್ಯಾಕೆಟ್ ಅಣಬೆ, ಎರಡು ಟೊಮೆಟೊ. ಎಲ್ಲಾ ಹಸಿ, ಓವನ್ನಲ್ಲಿ ಹೇಗೂ ಬೇಯುತ್ತಲ್ಲಾ. ನೀರು ತಿಳಿ, ಸ್ವಲ್ಪ ಹಸಿರು. ಬ್ರೆಡ್ ಟಿನ್ನಿನಲ್ಲಿ ಹಾಕಿ ಮೇಲೆ ಫಾಯಿಲ್ ಮುಚ್ತೀನಿ, ಕೊನೆಯಲ್ಲಿ ತೆಗೀತೀನಿ.

ಸುಮಾ_ಮಲ್ಲೇಶ್ವರ: ಇದನ್ನ ಮೊದಲೇ ಹೇಳೋದಲ್ವಾ! ನೀರು ಹಳದಿಯಾಗಿ, ಮಂದವಾಗಿ ಇದ್ದಿದ್ದರೆ ಮೊಟ್ಟೆ ಬೆಂದಿಲ್ಲ ಅಂತ. ತಿಳಿ ಹಸಿರು ಅಂದರೆ ಅದು ತರಕಾರಿಯ ನೀರು, ಎಷ್ಟು ಹೊತ್ತು ಇಟ್ಟರೂ ಗಟ್ಟಿಯಾಗಲ್ಲ. ನೀವು ಹೇಳಿದ ತರಕಾರಿ ಹಸಿಯಲ್ಲಿ 700 ಗ್ರಾಂ ಆದರೂ ಆಗುತ್ತೆ, ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಆರು ಮೊಟ್ಟೆ ಅಂದರೆ 300 ಗ್ರಾಂ. ಅಷ್ಟು ಮೊಟ್ಟೆ ಅಷ್ಟೊಂದು ನೀರನ್ನ ಹಿಡಿದಿಟ್ಟುಕೊಳ್ಳೋದು ಹೇಗೆ?

ಬೆಂದ ತರಕಾರಿ ತೂಕದಲ್ಲಿ ಮೊಟ್ಟೆಗಿಂತ ಕಡಿಮೆ ಇರಲಿ. ನಿಮ್ಮ ಆರು ಮೊಟ್ಟೆಗೆ ನೀರು ಹೋದಮೇಲೆ 250 ಗ್ರಾಂ ಸಾಕು. ಹಾಲು ಮೊಟ್ಟೆಗೆ ಒಂದು ದೊಡ್ಡ ಚಮಚ, ಅದಕ್ಕಿಂತ ಬೇಡ. ಸೀಮೆ ಬದನೆ ತುರಿಗೆ ಉಪ್ಪು ಹಾಕಿ ಕಾಲು ಗಂಟೆ ಬಿಟ್ಟು ಬಟ್ಟೆಯಲ್ಲಿ ಹಿಂಡಿ. ಪಾಲಕ್ ಬಾಡಿಸಿ ಅದನ್ನೂ ಹಿಂಡಿ. ಅಣಬೆಯನ್ನ ಅಗಲ ಬಾಣಲೆಯಲ್ಲಿ ಮುಚ್ಚದೆ ಹುರಿಯಿರಿ. ಮೊದಲು ಅದು ತನ್ನ ನೀರಿನಲ್ಲೇ ಬೇಯುತ್ತೆ, ಆಮೇಲೆ ಚೊರ್ ಅನ್ನೋ ಸದ್ದು ಬದಲಾಗಿ ಚಟಪಟ ಅನ್ನುತ್ತೆ. ಸೌಟಿನಿಂದ ನಡುವೆ ಗೆರೆ ಎಳೆದಾಗ ಆ ಗೆರೆಗೆ ನೀರು ಹರಿದು ಬರಬಾರದು. ತಣ್ಣಗಾದಮೇಲೆ ಮೊಟ್ಟೆಗೆ ಸೇರಿಸಿ. ಉಪ್ಪು ಹಾಕಿ ಹಿಂಡಿದ್ದೀರಿ, ಮೊಟ್ಟೆಗೆ ನೋಡಿಕೊಂಡು ಹಾಕಿ.

ಫಾಯಿಲ್ ಬೇಡ, ಆವಿ ಹೊರಗೆ ಹೋಗಲಿ. ಬ್ರೆಡ್ ಟಿನ್ನೂ ಆಳ ಜಾಸ್ತಿ, ಎಂಟು ಇಂಚಿನ ಅಗಲ ಡಿಶ್ ತಗೊಳ್ಳಿ, ಮುಕ್ಕಾಲು ಇಂಚು ಎತ್ತರಕ್ಕೆ ಬಂದರೆ ಸಾಕು. 165 ಡಿಗ್ರಿ, ನಡು ತಟ್ಟೆ, 25 ನಿಮಿಷದಿಂದ ನೋಡ್ತಾ ಇರಿ. ಅಲ್ಲಾಡಿಸಿದಾಗ ನಡುವೆ ಸ್ವಲ್ಪ ತುಳುಕುತ್ತಿರುವಾಗಲೇ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಜಾಸ್ತಿ ಬೆಂದರೆ ಮೊಟ್ಟೆಯೇ ಬಿಗಿದುಕೊಂಡು ನೀರು ಬಿಡುತ್ತೆ, ನಿಮ್ಮ ರಬ್ಬರ್ ಬದಿ ಅದೇ.

ಲತಾ_ಆರ್‌ಟಿನಗರ: ನಾನು ಮೊಟ್ಟೆ ಬದಲು ಕಡ್ಲೆಹಿಟ್ಟು ಹಾಕ್ತೀನಿ, ಒಂದು ಹನಿ ನೀರು ಬಿಡಲ್ಲ. ರೆಸಿಪಿ ಬೇಕಾ?

ಗಿರಿ_ಬಸವನಗುಡಿ: ಅಕ್ಕಾ, ಇದು ಆಮ್ಲೆಟ್ಟು.

ಕಿಟ್ಟಿ_ಒಟಿಜಿ: ಸುಮಾ ಮೇಡಂ ಹೇಳಿದ್ದು ಸರಿ ಇರಬಹುದು, ಆದರೂ ಒಂದ್ಸಲ ಥರ್ಮೋಸ್ಟಾಟ್ ಚೆಕ್ ಮಾಡಿಸಿ.

ಗಿರಿ_ಬಸವನಗುಡಿ: ಇವತ್ತು ಹಾಗೇ ಮಾಡಿದೆ. ಬಟ್ಟೆಯಲ್ಲಿ ಹಿಂಡಿದಾಗ ಒಂದು ಲೋಟ ನೀರು ಬಂತು! ನಡುವೆ ಗಟ್ಟಿಯಾಗಿದೆ, ಪೀಸ್ ನೀಟಾಗಿ ಎದ್ದು ಬಂತು. ಟೊಮೆಟೊ ಇದ್ದ ಕಡೆ ಮಾತ್ರ ಇನ್ನೂ ಒದ್ದೆ.

ಸುಮಾ_ಮಲ್ಲೇಶ್ವರ: ಬೀಜ, ರಸ ತೆಗೆದು ಸಿಪ್ಪೆ ಕಡೆಯ ಗಟ್ಟಿ ಭಾಗ ಮಾತ್ರ ಹಾಕಿ.

ವಿಜಿ: ಬೇಡ, ಬಿಲ್ಲೆ ಮಾಡಿ ಮೇಲೆ ಜೋಡಿಸಿ, ಅಲ್ಲೇ ಒಣಗುತ್ತೆ. ನಮ್ಮನೇಲಿ ಹಾಗೇ ಮಾಡೋದು.

ಸುಮಾ_ಮಲ್ಲೇಶ್ವರ: ತೆಳ್ಳಗಿದ್ದರೆ ಒಣಗುತ್ತೆ. ದಪ್ಪ ಇದ್ದರೆ ರಸ ಕೆಳಗಿಳಿಯುತ್ತೆ.

ಗಿರಿ_ಬಸವನಗುಡಿ: ಅರ್ಧಕ್ಕೆ ಹಾಗೆ, ಅರ್ಧಕ್ಕೆ ಹೀಗೆ ಮಾಡಿ ನೋಡ್ತೀನಿ. ಇದನ್ನ ಆಫೀಸಿಗೆ ಡಬ್ಬಿಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ನೀರು ಬಿಡುತ್ತಾ?

ಸುಮಾ_ಮಲ್ಲೇಶ್ವರ: ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದಿಂದ ಆವಿ ತೊಟ್ಟಿಕ್ಕುತ್ತೆ. ಬೆಳಿಗ್ಗೆ ಮಾಡಿದ್ದಾದರೆ ಪೂರ್ತಿ ಆರಿಸಿ, ಆಮೇಲೆ ಮುಚ್ಚಿ. ಆಫೀಸಲ್ಲಿ ಫ್ರಿಜ್ ಇದ್ದರೆ ಅದರಲ್ಲಿಡಿ.

ಕಿಟ್ಟಿ_ಒಟಿಜಿ: ಪಿಜ್ಜಾ ಕಲ್ಲಿನ ಮೇಲೆ ಆಮ್ಲೆಟ್ ಡಿಶ್ ಇಟ್ಟು ಯಾರಾದರೂ ಮಾಡಿದ್ದೀರಾ?